ಪಿಂಚಣಿ ಪರಿಷ್ಕರಣೆ: ಶೇ 58.5 ಹೆಚ್ಚಳ ಅಂದ್ರು, ಕೈಗೆ ಬಂದಿದ್ದೆಷ್ಟು? ಬಾಕಿ ಲೆಕ್ಕ ಹಾಕೋದು ಹೀಗೆ

7ನೇ ರಾಜ್ಯ ವೇತನ ಆಯೋಗದ ಶಿಫಾರಸು ಜಾರಿಯಾದಾಗ ಊರಿನ ಕಿರಾಣಿ ಅಂಗಡಿಗಳಲ್ಲಿ ಕೇಳಿಬಂದ ಮಾತು ಒಂದೇ. ‘ಮೇಷ್ಟ್ರೇ, ಪಿಂಚಣಿ ಒಂದೂವರೆ ಪಟ್ಟು ಆಯ್ತಂತೆ, ಎರಡು ವರ್ಷದ ಬಾಕಿನೂ ಒಟ್ಟಿಗೆ ಬರುತ್ತಂತೆ!’ ಮೇಷ್ಟ್ರು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ಕಂಡಿದ್ದು ಮಾತ್ರ ಬೇರೆ. ತಿಂಗಳ ಪಿಂಚಣಿ ಎರಡು ಮೂರು ಸಾವಿರ ಹೆಚ್ಚಾಗಿತ್ತು. ಬಾಕಿ ಅಂತ ಬಂದಿದ್ದು ಕೆಲವೇ ಸಾವಿರ. ‘ಬ್ಯಾಂಕಿನವರು ತಪ್ಪು ಮಾಡಿದ್ರಾ, ಸರ್ಕಾರ ಕಡಿಮೆ ಕೊಡ್ತಾ?’ ಅನ್ನೋ ಗೊಂದಲ ಅಲ್ಲಿಂದ ಶುರು.

ಹೆಚ್ಚಿನವರ ವಿಷಯದಲ್ಲಿ ತಪ್ಪು ಆಗಿಲ್ಲ, ಲೆಕ್ಕವೇ ಹಾಗಿದೆ. ಆದರೆ ಕೆಲವರ ವಿಷಯದಲ್ಲಿ ನಿಜವಾಗಿಯೂ ತಪ್ಪಾಗುವ ಸಾಧ್ಯತೆ ಇದೆ, ಮತ್ತು ಅದು ತಿಂಗಳಿಗೆ ನಾಲ್ಕೈದು ಸಾವಿರದಷ್ಟು ದೊಡ್ಡದೂ ಆಗಬಹುದು. ನಿಮ್ಮದು ಸರಿಯಿದೆಯೋ ಇಲ್ಲವೋ ಎಂದು ಮನೆಯಲ್ಲೇ ಕೂತು ನೋಡಿಕೊಳ್ಳಲು ಒಂದು ಹಾಳೆ, ಒಂದು ಪೆನ್ನು, ಬ್ಯಾಂಕ್ ಪಾಸ್‌ಬುಕ್ ಮತ್ತು ಪಿಂಚಣಿ ಪಾವತಿ ಆದೇಶದ ಪ್ರತಿ, ಅಂದರೆ ಎಲ್ಲರೂ ಪಿಪಿಒ ಅನ್ನುವ ಕಾಗದ, ಇಷ್ಟಿದ್ದರೆ ಸಾಕು.

ಎರಡು ದಿನಾಂಕ ನೆನಪಿರಲಿ

ಇಡೀ ಲೆಕ್ಕ ನಿಂತಿರುವುದು ಎರಡು ದಿನಾಂಕಗಳ ಮೇಲೆ. ಒಂದು 1-7-2022, ಇನ್ನೊಂದು 1-8-2024.

ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಜುಲೈನಲ್ಲಿ ಸರ್ಕಾರ ಅದನ್ನು ಒಪ್ಪಿಕೊಂಡಿತು. ಹೊಸ ವೇತನ, ಹೊಸ ಪಿಂಚಣಿ ಎರಡೂ ಕಾಗದದ ಮೇಲೆ 1-7-2022ರಿಂದ ಜಾರಿ. ಆದರೆ ದುಡ್ಡು ಕೈಗೆ ಸಿಗುವುದು 1-8-2024ರಿಂದ ಮಾತ್ರ. ನಡುವಿನ 25 ತಿಂಗಳಿಗೆ ಸರ್ಕಾರಿ ಭಾಷೆಯಲ್ಲಿ ‘ಕಾಲ್ಪನಿಕ’ ಅನ್ನುತ್ತಾರೆ, ಕಚೇರಿಗಳಲ್ಲಿ ‘ನೋಷನಲ್’ ಅನ್ನೋದೇ ರೂಢಿ. ಆ ಅವಧಿಗೂ ಹೊಸ ಮೊತ್ತವನ್ನು ಲೆಕ್ಕ ಹಾಕುತ್ತಾರೆ, ಆದರೆ ವ್ಯತ್ಯಾಸದ ಹಣ ಕೊಡುವುದಿಲ್ಲ ಎಂದು ಅರ್ಥ.

‘ಎರಡು ವರ್ಷದ ಬಾಕಿ’ ಅನ್ನೋ ಮಾತು ಹುಟ್ಟಿದ್ದು ಮೊದಲ ದಿನಾಂಕವನ್ನಷ್ಟೇ ನೋಡಿ. ಬಾಕಿ ಎಣಿಕೆ ಶುರುವಾಗುವುದು ಎರಡನೇ ದಿನಾಂಕದಿಂದ. 2022ರ ಜುಲೈಯಿಂದ 2024ರ ಜುಲೈ ತನಕದ ಬಾಕಿ ಯಾರಿಗೂ ಇಲ್ಲ. ಇದು ಹೊಸದೂ ಅಲ್ಲ. 6ನೇ ವೇತನ ಆಯೋಗದ ಕಾಲದಲ್ಲೂ ಕಾಗದದ ಮೇಲಿನ ದಿನಾಂಕ 1-7-2017 ಇತ್ತು, ದುಡ್ಡು ಸಿಕ್ಕಿದ್ದು 1-4-2018ರಿಂದ. ಆಗ ಒಂಬತ್ತು ತಿಂಗಳು ಹೋಗಿತ್ತು, ಈ ಸಲ 25 ತಿಂಗಳು.

ಹಾಗಾದರೆ ಬಾಕಿ ಯಾವುದು? ಹೊಸ ಪಿಂಚಣಿ 2024ರ ಆಗಸ್ಟ್‌ನಿಂದ ಸಿಗಬೇಕು. ಬ್ಯಾಂಕ್ ಅಥವಾ ಖಜಾನೆ ಅದನ್ನು ನಿಮ್ಮ ಖಾತೆಗೆ ಹಾಕಲು ಶುರು ಮಾಡಿದ್ದು ಒಂದೆರಡು ತಿಂಗಳು ತಡವಾಗಿ. ಆ ನಡುವಿನ ತಿಂಗಳುಗಳಲ್ಲಿ ಕೊಡಬೇಕಿದ್ದಕ್ಕೂ ಕೊಟ್ಟಿದ್ದಕ್ಕೂ ಇರುವ ವ್ಯತ್ಯಾಸವೇ ಬಾಕಿ.

ಹೊಸ ಮೂಲ ಪಿಂಚಣಿ ಎಷ್ಟು?

1-7-2022ಕ್ಕಿಂತ ಮೊದಲು ನಿವೃತ್ತರಾದವರ ಲೆಕ್ಕ ಸುಲಭ. ಹಳೆಯ ಮೂಲ ಪಿಂಚಣಿ ತಗೊಳ್ಳಿ. ಅದಕ್ಕೆ ಆ ದಿನ ಇದ್ದ ತುಟ್ಟಿಭತ್ಯೆ ಶೇ 31 ಸೇರಿಸಿ. ಮತ್ತೆ ಹಳೆಯ ಮೂಲ ಪಿಂಚಣಿಯ ಮೇಲೆಯೇ ಶೇ 27.5 ಫಿಟ್‌ಮೆಂಟ್ ಸೇರಿಸಿ. ಮೂರೂ ಕೂಡಿದರೆ ಹೊಸ ಮೂಲ ಪಿಂಚಣಿ. ಚುಟುಕಾಗಿ ಹೇಳುವುದಾದರೆ ಹಳೆಯದನ್ನು 1.585ರಿಂದ ಗುಣಿಸಿದರಾಯಿತು. ಪತ್ರಿಕೆಗಳಲ್ಲಿ ಬಂದ ‘ಶೇ 58.5 ಹೆಚ್ಚಳ’ ಇದೇ.

ಒಂದು ಉದಾಹರಣೆ ನೋಡೋಣ. 2019ರಲ್ಲಿ ನಿವೃತ್ತರಾದ ಒಬ್ಬ ಪ್ರಾಥಮಿಕ ಶಾಲೆ ಮುಖ್ಯೋಪಾಧ್ಯಾಯರ ಮೂಲ ಪಿಂಚಣಿ ₹24,000 ಎಂದಿಟ್ಟುಕೊಳ್ಳಿ. ಅದರ ಶೇ 31 ಅಂದರೆ ₹7,440. ಶೇ 27.5 ಅಂದರೆ ₹6,600. ಒಟ್ಟು ₹38,040. ಇದು ಅವರ ಹೊಸ ಮೂಲ ಪಿಂಚಣಿ.

ಕೆಳಗಿನ ಮಿತಿಯೂ ಒಂದಿದೆ. ಹಿಂದೆ ₹8,500 ಇದ್ದ ಕನಿಷ್ಠ ಪಿಂಚಣಿ ಈಗ ₹13,500. 8,500ನ್ನು 1.585ರಿಂದ ಗುಣಿಸಿದರೆ 13,472 ರೂಪಾಯಿ 50 ಪೈಸೆ ಬರುತ್ತದೆ, ಆದರೆ ಕೊಡಬೇಕಾದ್ದು ₹13,500. ಗರಿಷ್ಠ ಪಿಂಚಣಿ ₹75,300ರಿಂದ ₹1,20,600ಕ್ಕೆ ಏರಿದೆ.

ಹಾಗಾದ್ರೆ ಕೈಗೆ ಯಾಕೆ ಅಷ್ಟು ಬರಲಿಲ್ಲ?

ಅಂಗಡಿ ಕಟ್ಟೆಯ ಮಾತಿಗೂ ಪಾಸ್‌ಬುಕ್ಕಿಗೂ ವ್ಯತ್ಯಾಸ ಬರುವುದು ಇಲ್ಲೇ. ಹೊಸ ಮೂಲ ಪಿಂಚಣಿ ಶುರುವಾದ ದಿನ ಎರಡು ಹಳೆಯ ಮೊತ್ತಗಳು ನಿಂತು ಹೋಗುತ್ತವೆ.

ಮೊದಲನೆಯದು ಹಳೆಯ ತುಟ್ಟಿಭತ್ಯೆ. 2022ರ ಜುಲೈನಲ್ಲಿ ಶೇ 31 ಇದ್ದದ್ದು ಏರುತ್ತಾ ಏರುತ್ತಾ 2024ರ ಜನವರಿಯಿಂದ ಶೇ 42.5 ಆಗಿತ್ತು. ಎರಡನೆಯದು ಮಧ್ಯಂತರ ಪರಿಹಾರ. ವೇತನ ಆಯೋಗದ ವರದಿ ಬರುವ ತನಕ ತಾತ್ಕಾಲಿಕವಾಗಿ ಇರಲಿ ಎಂದು 1-4-2023ರಿಂದ ಮೂಲದ ಶೇ 17ರಷ್ಟನ್ನು ನೌಕರರಿಗೂ ಪಿಂಚಣಿದಾರರಿಗೂ ಕೊಡಲಾಗುತ್ತಿತ್ತು. ಹೊಸ ಪಿಂಚಣಿ ಬಂದ ಮೇಲೆ ಅದಕ್ಕೆ ಜಾಗವಿಲ್ಲ.

ಅಂದರೆ ಹಳೆಯ ಮೂಲ ಪಿಂಚಣಿ ₹100 ಇದ್ದವರಿಗೆ 2024ರ ಜುಲೈನಲ್ಲೇ 100, 42.5, 17 ಸೇರಿ ₹159.50 ಸಿಗುತ್ತಿತ್ತು. ಹೊಸ ಮೂಲ ₹158.50. ಮೂಲಕ್ಕೆ ಮೂಲ ನೋಡಿದರೆ ಶೇ 58.5 ಹೆಚ್ಚಳ. ಆದರೆ ಕೈಗೆ ಬರುತ್ತಿದ್ದ ಒಟ್ಟು ಮೊತ್ತಕ್ಕೆ ಹೋಲಿಸಿದರೆ ಒಂದು ರೂಪಾಯಿ ಕಡಿಮೆಯೇ! ನಿಜವಾದ ಹೆಚ್ಚಳ ಬರುವುದು ಹೊಸ ಮೂಲದ ಮೇಲೆ ಸಿಗುವ ಹೊಸ ತುಟ್ಟಿಭತ್ಯೆಯಿಂದ. ಶೇ 31 ಮೂಲದಲ್ಲೇ ಸೇರಿಹೋದ್ದರಿಂದ ತುಟ್ಟಿಭತ್ಯೆ 1-7-2022ಕ್ಕೆ ಸೊನ್ನೆಯಿಂದ ಮತ್ತೆ ಶುರುವಾಯಿತು. ಅಲ್ಲಿಂದ ಎಣಿಸಿಕೊಂಡು ಬಂದು 2024ರ ಆಗಸ್ಟ್‌ಗೆ ಶೇ 8.5 ನಿಗದಿಯಾಯಿತು. 158.50ಕ್ಕೆ ಶೇ 8.5 ಸೇರಿಸಿದರೆ ಸುಮಾರು ₹172. ಅಲ್ಲಿಗೆ ₹159.50 ಪಡೆಯುತ್ತಿದ್ದವರಿಗೆ ₹172. ಕೈಗೆ ಬಂದ ಹೆಚ್ಚಳ ಶೇ 8ಕ್ಕಿಂತ ಸ್ವಲ್ಪ ಕಡಿಮೆ.

‘ಒಂದೂವರೆ ಪಟ್ಟು ಆಯ್ತಲ್ಲ’ ಎಂದು ಕೇಳುವವರಿಗೆ ಕೊಡಬೇಕಾದ ಉತ್ತರ ಇದು.

ಕಮ್ಯುಟೇಶನ್ ಕಡಿತ: ಇಲ್ಲೇ ಎಡವೋದು

ಲೆಕ್ಕಕ್ಕೆ ಇಳಿಯುವ ಮೊದಲು ಇನ್ನೊಂದು ವಿಷಯ ತಿಳಿದಿರಬೇಕು. ನಿವೃತ್ತರಾಗುವಾಗ ಬಹುತೇಕರು ಪಿಂಚಣಿಯ ಮೂರನೇ ಒಂದು ಭಾಗವನ್ನು ಮಾರಿ ಇಡಿಗಂಟು ಪಡೆದಿರುತ್ತಾರೆ. ಮನೆ ಸಾಲ ತೀರಿಸಲೋ, ಮಗಳ ಮದುವೆಗೋ ಅದು ಹೋಗಿರುತ್ತದೆ. ಇದೇ ಕಮ್ಯುಟೇಶನ್, ಪಿಂಚಣಿ ಪರಿವರ್ತನೆ. ಹಾಗೆ ಮಾರಿದ ಭಾಗ 15 ವರ್ಷ ಪ್ರತಿ ತಿಂಗಳೂ ಪಿಂಚಣಿಯಲ್ಲಿ ಕಡಿತವಾಗುತ್ತದೆ, ಆಮೇಲೆ ಮತ್ತೆ ಸೇರಿಕೊಳ್ಳುತ್ತದೆ.

ಇಲ್ಲಿ ಮೂರು ಮಾತು ಮುಖ್ಯ. ಪರಿಷ್ಕರಣೆ ಮಾಡಬೇಕಾದ್ದು ಕಡಿತಕ್ಕೆ ಮೊದಲಿನ ಪೂರ್ತಿ ಮೂಲ ಪಿಂಚಣಿಯನ್ನು. ತುಟ್ಟಿಭತ್ಯೆ ಲೆಕ್ಕ ಹಾಕಬೇಕಾದ್ದೂ ಪೂರ್ತಿ ಮೂಲದ ಮೇಲೆ. ಕೊನೆಗೆ ಕಡಿತ ಮಾಡುವಾಗ ಮಾತ್ರ ಹಳೆಯ ರೂಪಾಯಿ ಮೊತ್ತವನ್ನೇ ಕಳೆಯಬೇಕು, ಅದನ್ನು 1.585ರಿಂದ ಗುಣಿಸುವಂತಿಲ್ಲ. ಯಾಕೆಂದರೆ ನೀವು ಮಾರಿದ್ದು ಹಳೆಯ ಪಿಂಚಣಿಯ ಭಾಗವನ್ನು, ಅದಕ್ಕೆ ಸಿಕ್ಕ ಇಡಿಗಂಟೂ ಹಳೆಯ ಲೆಕ್ಕದ್ದೇ.

ನಮ್ಮ ಉದಾಹರಣೆಯ ಮುಖ್ಯೋಪಾಧ್ಯಾಯರು ₹24,000ದಲ್ಲಿ ₹8,000 ಮಾರಿದ್ದಾರೆ ಎಂದುಕೊಳ್ಳೋಣ. ಅವರ ಕಡಿತ ಹಿಂದೆಯೂ ₹8,000, ಮುಂದೆಯೂ ₹8,000.

ಪಾಸ್‌ಬುಕ್ ಮುಂದಿಟ್ಟುಕೊಂಡು ಲೆಕ್ಕ

ಮೊದಲು 2024ರ ಜುಲೈ ತಿಂಗಳ ಪಿಂಚಣಿ. ಮೂಲ ₹24,000, ತುಟ್ಟಿಭತ್ಯೆ ಶೇ 42.5ರಂತೆ ₹10,200, ಮಧ್ಯಂತರ ಪರಿಹಾರ ಶೇ 17ರಂತೆ ₹4,080. ಒಟ್ಟು ₹38,280. ಅದರಲ್ಲಿ ₹8,000 ಕಡಿತ ಹೋದರೆ ಕೈಗೆ ₹30,280.

ಈಗ 2024ರ ಆಗಸ್ಟ್. ಹೊಸ ಮೂಲ ₹38,040. ತುಟ್ಟಿಭತ್ಯೆ ಶೇ 8.5ರಂತೆ ₹3,233 ಮತ್ತು 40 ಪೈಸೆ. 50 ಪೈಸೆಗಿಂತ ಕಡಿಮೆ ಇದ್ದರೆ ಬಿಡುತ್ತಾರೆ, 50 ಅಥವಾ ಹೆಚ್ಚಿದ್ದರೆ ಮುಂದಿನ ರೂಪಾಯಿಗೆ ಏರಿಸುತ್ತಾರೆ. ಹಾಗಾಗಿ ₹3,233. ಒಟ್ಟು ₹41,273. ₹8,000 ಕಳೆದರೆ ಕೈಗೆ ₹33,273. ಹಿಂದಿನ ತಿಂಗಳಿಗಿಂತ ₹2,993 ಹೆಚ್ಚು.

ಇವರ ಬ್ಯಾಂಕ್ ಹೊಸ ಪಿಂಚಣಿ ಹಾಕಲು ಶುರು ಮಾಡಿದ್ದು 2024ರ ನವೆಂಬರ್ ತಿಂಗಳ ಪಿಂಚಣಿಯಿಂದ ಎಂದಿಟ್ಟುಕೊಳ್ಳಿ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ಮೂರು ತಿಂಗಳು ಹಳೆಯ ₹30,280 ಬಂದಿದೆ. ಆದ್ದರಿಂದ ಮೊದಲ ಬಾಕಿ 2,993ರ ಮೂರು ಪಟ್ಟು, ಅಂದರೆ ₹8,979.

ಕಥೆ ಇಲ್ಲಿಗೆ ಮುಗಿಯಲಿಲ್ಲ. 2024ರ ನವೆಂಬರ್ ಕೊನೆಗೆ ಸರ್ಕಾರ ತುಟ್ಟಿಭತ್ಯೆಯನ್ನು ಶೇ 8.5ರಿಂದ ಶೇ 10.75ಕ್ಕೆ ಏರಿಸಿ ಆದೇಶ ಮಾಡಿತು. ಹೊಸ ಪಿಂಚಣಿಯ ಮೇಲೆ ಅದು ಆಗಸ್ಟ್ ತಿಂಗಳಿಂದಲೇ ಸಿಗಬೇಕು. ₹38,040ರ ಮೇಲೆ ಶೇ 10.75 ಅಂದರೆ ₹4,089. ಮೊದಲು ಹಾಕಿದ್ದ ₹3,233ಕ್ಕಿಂತ ತಿಂಗಳಿಗೆ ₹856 ಹೆಚ್ಚು. ಡಿಸೆಂಬರ್‌ನಿಂದ ಹೊಸ ದರದಲ್ಲಿ ಪಿಂಚಣಿ ಬಂದಿದ್ದರೆ ಆಗಸ್ಟ್‌ನಿಂದ ನವೆಂಬರ್ ತನಕದ ನಾಲ್ಕು ತಿಂಗಳಿಗೆ ಎರಡನೇ ಬಾಕಿ ₹3,424.

ಎರಡೂ ಸೇರಿ ₹12,403. ‘25 ತಿಂಗಳ ಬಾಕಿ’ ಎಂದು ಲಕ್ಷದ ಲೆಕ್ಕದಲ್ಲಿ ಕಾದಿದ್ದವರಿಗೆ ಬಂದಿದ್ದು ಹೀಗೆ, ಅದೂ ಎರಡು ಕಂತಿನಲ್ಲಿ, ಬೇರೆ ಬೇರೆ ದಿನ.

ಈ ಮೊತ್ತ ಸರಿಯೋ ಅಲ್ಲವೋ ಎಂದು ಇನ್ನೊಂದು ದಾರಿಯಲ್ಲೂ ನೋಡಬಹುದು. ಅಂಗಡಿಯವರು ಉದ್ರಿ ಪುಸ್ತಕ ತಾಳೆ ನೋಡುವ ಹಾಗೆ. ಆಗಸ್ಟ್‌ನಿಂದ ನವೆಂಬರ್ ತನಕ ತಿಂಗಳಿಗೆ ಸಿಗಬೇಕಿದ್ದದ್ದು ಹೊಸ ಮೂಲ, ಶೇ 10.75 ತುಟ್ಟಿಭತ್ಯೆ ಸೇರಿ ಕಡಿತದ ನಂತರ ₹34,129. ನಾಲ್ಕು ತಿಂಗಳಿಗೆ ₹1,36,516. ಮಾಮೂಲಿ ತಿಂಗಳ ಪಿಂಚಣಿಯಾಗಿ ಖಾತೆಗೆ ಬಂದಿದ್ದು ಮೂರು ತಿಂಗಳು ₹30,280, ಒಂದು ತಿಂಗಳು ₹33,273, ಒಟ್ಟು ₹1,24,113. ಕಳೆದರೆ ₹12,403. ಎರಡೂ ದಾರಿಯಲ್ಲಿ ಒಂದೇ ಉತ್ತರ ಬಂದರೆ ಲೆಕ್ಕ ಸರಿ.

ಒಂದು ಎಚ್ಚರಿಕೆ. ತಿಂಗಳು ಎಣಿಸುವಾಗ ಖಾತೆಗೆ ಹಣ ಬಿದ್ದ ದಿನವನ್ನಲ್ಲ, ಆ ಹಣ ಯಾವ ತಿಂಗಳ ಪಿಂಚಣಿ ಎಂಬುದನ್ನು ನೋಡಬೇಕು. ಕೆಲವರಿಗೆ ತಿಂಗಳ ಕೊನೆಗೆ, ಕೆಲವರಿಗೆ ಮುಂದಿನ ತಿಂಗಳ ಮೊದಲ ವಾರದಲ್ಲಿ ಹಣ ಬರುತ್ತದೆ. ಇದನ್ನು ತಪ್ಪಿದರೆ ಬಾಕಿ ಲೆಕ್ಕದಲ್ಲಿ ಒಂದು ತಿಂಗಳು ಹೆಚ್ಚೋ ಕಡಿಮೆಯೋ ಆಗಿಬಿಡುತ್ತದೆ, ಆಮೇಲೆ ಬ್ಯಾಂಕಿನ ಕೌಂಟರಿನಲ್ಲಿ ಸುಮ್ಮನೆ ಜಗಳ.

ಮುಂದೆ ತುಟ್ಟಿಭತ್ಯೆ ಏರಿದಾಗಲೂ ಇದೇ ವಿಧಾನ. 2025ರ ಜನವರಿಯಿಂದ ಶೇ 12.25, ಜುಲೈಯಿಂದ ಶೇ 14.25 ಆಯಿತು. ಪ್ರತಿ ಸಲ ಆದೇಶ ತಡವಾಗಿಯೇ ಬರುತ್ತದೆ. ನಡುವಿನ ತಿಂಗಳುಗಳ ವ್ಯತ್ಯಾಸ ಬಾಕಿಯಾಗಿ ಬರುತ್ತದೆ. ಗುಣಿಸಬೇಕಾದ್ದು ಮಾತ್ರ ಹೊಸ ಪೂರ್ತಿ ಮೂಲವನ್ನು, ಕೈಗೆ ಬರುವ ಮೊತ್ತವನ್ನಲ್ಲ.

ತಪ್ಪು ಎಲ್ಲಿ ಆಗುತ್ತೆ, ಹೇಗೆ ಗೊತ್ತಾಗುತ್ತೆ?

ದೊಡ್ಡ ತಪ್ಪು ಒಂದೇ: ಕಡಿತದ ನಂತರದ ಪಿಂಚಣಿಯನ್ನು ಮೂಲ ಎಂದು ಹಿಡಿಯುವುದು. ಮೇಲಿನ ಉದಾಹರಣೆಯಲ್ಲಿ ₹24,000 ಬದಲು ₹16,000ವನ್ನು 1.585ರಿಂದ ಗುಣಿಸಿದರೆ ₹25,360 ಬರುತ್ತದೆ. ಸರಿಯಾದ ಲೆಕ್ಕದಲ್ಲಿ ₹38,040ರಲ್ಲಿ ₹8,000 ಕಳೆದು ₹30,040 ಬರಬೇಕಿತ್ತು. ತಿಂಗಳಿಗೆ ₹4,680 ನಷ್ಟ. ತುಟ್ಟಿಭತ್ಯೆಯಲ್ಲಿ ಆಗುವ ಕೊರತೆ ಬೇರೆ. ಇದನ್ನು ಕಂಡುಹಿಡಿಯುವುದು ಸುಲಭ. ಹೊಸ ಪಿಂಚಣಿ ಬಂದ ತಿಂಗಳು ಕೈಗೆ ಬರುವ ಮೊತ್ತ ಹಿಂದಿನ ತಿಂಗಳಿಗಿಂತ ಕಡಿಮೆ ಆಗಿದ್ದರೆ ಮೊದಲು ಅನುಮಾನಪಡಬೇಕಾದ್ದು ಇದನ್ನೇ.

ಎರಡನೆಯದು ಹಳೆಯ ನಿವೃತ್ತರದ್ದು. 2005ರಲ್ಲೋ 2010ರಲ್ಲೋ ನಿವೃತ್ತರಾದವರ ಪಿಪಿಒ ಮೇಲೆ ಆ ಕಾಲದ ಪಿಂಚಣಿ ಬರೆದಿರುತ್ತದೆ. ಅದನ್ನು 1.585ರಿಂದ ಗುಣಿಸಿ ‘ಹೆಚ್ಚು ಬರ್ತಿದೆಯಲ್ಲ’ ಎಂದು ಸಮಾಧಾನ ಪಡುವಂತಿಲ್ಲ. ಅವರ ಪಿಂಚಣಿ 6ನೇ ವೇತನ ಆಯೋಗದಲ್ಲಿ ಒಮ್ಮೆ ಪರಿಷ್ಕರಣೆ ಆಗಿದೆ. ಆಗ ಶೇ 45.25 ತುಟ್ಟಿಭತ್ಯೆ, ಶೇ 30 ಫಿಟ್‌ಮೆಂಟ್ ಸೇರಿ 1.7525 ಪಟ್ಟು ಆಗಿತ್ತು. ಈಗಿನ ಲೆಕ್ಕಕ್ಕೆ ಬುನಾದಿ ಆ ಪರಿಷ್ಕೃತ ಮೊತ್ತ. ಅದು ಎಷ್ಟು ಎಂಬುದು 2024ರ ಜುಲೈಗೆ ಮೊದಲಿನ ಪಿಂಚಣಿ ಸ್ಲಿಪ್‌ನಲ್ಲಿ ಸಿಗುತ್ತದೆ.

ಮೂರನೆಯದು 15 ವರ್ಷ ತುಂಬಿದ ಮೇಲೂ ಕಡಿತ ಮುಂದುವರಿಯುವುದು. 2009ರಲ್ಲಿ ಕಮ್ಯುಟೇಶನ್ ಪಡೆದವರಿಗೆ 2024ರಲ್ಲಿ ಅವಧಿ ಮುಗಿಯುತ್ತದೆ. ಪರಿಷ್ಕರಣೆಯ ಗಡಿಬಿಡಿಯಲ್ಲಿ ಹಳೆಯ ಕಡಿತವೂ ಹಾಗೇ ಉಳಿದುಬಿಟ್ಟರೆ ಗಮನಕ್ಕೆ ಬರುವುದು ಕಷ್ಟ, ಯಾಕೆಂದರೆ ಒಟ್ಟು ಮೊತ್ತ ಹೆಚ್ಚೇ ಆಗಿರುತ್ತದೆ. ಕಮ್ಯುಟೇಶನ್ ಹಣ ಪಡೆದ ದಿನಾಂಕವನ್ನು ಒಮ್ಮೆ ನೋಡಿಕೊಳ್ಳಿ.

ನಾಲ್ಕನೆಯದು ಉಲ್ಟಾ ತಪ್ಪು, ಹೆಚ್ಚು ಬರುವುದು. ಹೊಸ ಮೂಲ ಶುರುವಾದ ಮೇಲೂ ಶೇ 17 ಮಧ್ಯಂತರ ಪರಿಹಾರ ಬರುತ್ತಿದ್ದರೆ ಅದು ನಿಮ್ಮದಲ್ಲ. ಯಾವತ್ತಾದರೂ ವಸೂಲಿ ಆಗೇ ಆಗುತ್ತದೆ. ಖರ್ಚು ಮಾಡದೆ ಬ್ಯಾಂಕಿನ ಗಮನಕ್ಕೆ ತರುವುದು ಲೇಸು.

ಕುಟುಂಬ ಪಿಂಚಣಿ ಪಡೆಯುವವರಿಗೆ

ಪತಿ ಅಥವಾ ಪತ್ನಿ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಪಡೆಯುವವರಿಗೂ ಇದೇ 1.585 ಲೆಕ್ಕ. ಕನಿಷ್ಠ ಮೊತ್ತವೂ ಅದೇ ₹13,500. ಒಂದು ದೊಡ್ಡ ವ್ಯತ್ಯಾಸ ಇದೆ. ಕುಟುಂಬ ಪಿಂಚಣಿಯಲ್ಲಿ ಕಮ್ಯುಟೇಶನ್ ಕಡಿತ ಇರುವುದಿಲ್ಲ. ತೀರಿಕೊಂಡವರು ಮಾರಿದ ಭಾಗವನ್ನು ಉಳಿದವರ ಪಿಂಚಣಿಯಲ್ಲಿ ಕಳೆಯುವಂತಿಲ್ಲ. ಕಳೆದಿದ್ದರೆ ತಪ್ಪು.

ಪಿಂಚಣಿದಾರರು 1-8-2024ರ ನಂತರ, ಬಾಕಿ ಬರುವ ಮೊದಲೇ ತೀರಿಕೊಂಡಿದ್ದರೆ ಬಾಕಿ ಎರಡು ಭಾಗ ಆಗುತ್ತದೆ. ತೀರಿಕೊಂಡ ದಿನದ ತನಕದ್ದು ಅವರ ಪಿಂಚಣಿಯ ಬಾಕಿ. ಅದು ನಾಮಿನಿಗೆ, ನಾಮಿನಿ ಇಲ್ಲದಿದ್ದರೆ ವಾರಸುದಾರರಿಗೆ ಸೇರಬೇಕು. ಮಾರನೇ ದಿನದಿಂದ ಕುಟುಂಬ ಪಿಂಚಣಿಯ ಬಾಕಿ ಶುರು. ಮೊದಲ ಭಾಗವನ್ನು ಮನೆಯವರು ಕೇಳದೆ ಬಿಟ್ಟುಬಿಡುವುದೇ ಹೆಚ್ಚು. ಮರಣ ಪ್ರಮಾಣಪತ್ರ, ನಾಮಿನಿ ವಿವರ ಕೊಟ್ಟು ಲಿಖಿತವಾಗಿ ಕೇಳಬೇಕು.

ನಡುವೆ ಸಿಕ್ಕಿಹಾಕಿಕೊಂಡವರು

ಇಲ್ಲಿಯ ತನಕದ ಲೆಕ್ಕ 1-7-2022ಕ್ಕಿಂತ ಮೊದಲು ನಿವೃತ್ತರಾದವರದ್ದು. ಅವರ ಪರಿಷ್ಕರಣೆಯನ್ನು ಪಿಂಚಣಿ ಕೊಡುವ ಬ್ಯಾಂಕ್ ಅಥವಾ ಖಜಾನೆಯೇ ಮಾಡುತ್ತದೆ. 1-7-2022ರಿಂದ 31-7-2024ರ ನಡುವೆ ನಿವೃತ್ತರಾದವರ ದಾರಿ ಬೇರೆ, ಕಷ್ಟವೂ ಬೇರೆ.

ಇವರು 1-7-2022ರಂದು ಸೇವೆಯಲ್ಲಿದ್ದರು. ಆದ್ದರಿಂದ ಪಿಂಚಣಿಯನ್ನು ನೇರ ಗುಣಿಸಿದರೆ ಆಗುವುದಿಲ್ಲ. ಮೊದಲು ಅವರ ವೇತನವನ್ನು ಆ ದಿನಕ್ಕೆ ಹೊಸ ಶ್ರೇಣಿಯಲ್ಲಿ ಕಾಲ್ಪನಿಕವಾಗಿ ನಿಗದಿ ಮಾಡಬೇಕು. ಆಮೇಲೆ ಬಂದ ವಾರ್ಷಿಕ ಬಡ್ತಿಗಳನ್ನು ಸೇರಿಸಿ ನಿವೃತ್ತಿಯ ದಿನದ ಹೊಸ ಮೂಲ ವೇತನ ಕಾಣಬೇಕು. ಪೂರ್ಣ ಸೇವೆ ಇದ್ದವರಿಗೆ ಅದರ ಅರ್ಧ ಹೊಸ ಪಿಂಚಣಿ. ಈ ಕೆಲಸ ಮಾಡಬೇಕಾದವರು ಅವರು ಕೊನೆಯದಾಗಿ ಕೆಲಸ ಮಾಡಿದ ಕಚೇರಿಯ ವೇತನ ಬಟವಾಡೆ ಅಧಿಕಾರಿ, ಅಂದರೆ ಡಿಡಿಒ. ಅಲ್ಲಿಂದ ಪ್ರಸ್ತಾವ ಮಹಾಲೇಖಪಾಲರ ಕಚೇರಿಗೆ ಹೋಗಿ ಪರಿಷ್ಕೃತ ಆದೇಶ ಬಂದ ಮೇಲಷ್ಟೇ ಬ್ಯಾಂಕ್ ಹೊಸ ಮೊತ್ತ ಹಾಕುತ್ತದೆ. ಇಂಥವರು ಬ್ಯಾಂಕಿಗೆ ಎಷ್ಟು ಸಲ ಅಲೆದರೂ ಪ್ರಯೋಜನವಿಲ್ಲ. ಕೇಳಬೇಕಾದ್ದು ಹಳೇ ಕಚೇರಿಯಲ್ಲಿ: ‘ನನ್ನ ಸೇವಾ ಪುಸ್ತಕದಲ್ಲಿ ಹೊಸ ವೇತನ ನಿಗದಿ ಆಯಿತಾ? ಪ್ರಸ್ತಾವ ಯಾವ ದಿನ ಹೋಯಿತು?’

ಕಡತ ತಡವಾದಷ್ಟೂ ಬಾಕಿ ಬೆಳೆಯುತ್ತದೆ, ಆದರೆ ಎಣಿಕೆ ಇವರಿಗೂ 1-8-2024ರಿಂದಲೇ. ಬಾಕಿ ಲೆಕ್ಕದ ವಿಧಾನವೂ ಮೇಲಿನದ್ದೇ.

ಇವರ ನಿಜವಾದ ನೋವು ತಿಂಗಳ ಪಿಂಚಣಿಯದ್ದಲ್ಲ. ನಿವೃತ್ತಿಯ ದಿನ ಸಿಗುವ ಗ್ರಾಚುಟಿ, ಗಳಿಕೆ ರಜೆ ನಗದು, ಕಮ್ಯುಟೇಶನ್ ಮೂರೂ ಇವರಿಗೆ ಸಿಕ್ಕಿದ್ದು 6ನೇ ವೇತನ ಆಯೋಗದ ಹಳೆಯ ವೇತನದ ಮೇಲೆ. ಹೊಸ ವೇತನ ಆ ಅವಧಿಗೆ ಕಾಗದದ ಮೇಲಷ್ಟೇ ಇದೆ, ಹಾಗಾಗಿ ಇಡಿಗಂಟಿನ ವ್ಯತ್ಯಾಸ ಇಲ್ಲ ಎಂಬುದು ಆದೇಶದ ತಿರುಳು.

ಇದು ಎಷ್ಟು ದೊಡ್ಡದು ಎಂದು ನೋಡಲು ಇಬ್ಬರನ್ನು ಹೋಲಿಸಬಹುದು. ಇಬ್ಬರದ್ದೂ ಹಳೆಯ ಶ್ರೇಣಿಯಲ್ಲಿ ಕೊನೆಯ ಮೂಲ ವೇತನ ₹60,000. ಒಬ್ಬರು 31-7-2024ಕ್ಕೆ, ಇನ್ನೊಬ್ಬರು ಒಂದು ತಿಂಗಳ ನಂತರ ನಿವೃತ್ತಿ. ಎರಡನೆಯವರ ಮೂಲ ವೇತನ ಹೊಸ ಲೆಕ್ಕದಲ್ಲಿ ಸುಮಾರು ₹95,100. ಪೂರ್ಣ ಸೇವೆ ಇದ್ದವರಿಗೆ ಗ್ರಾಚುಟಿ ಗರಿಷ್ಠ ಹದಿನಾರೂವರೆ ತಿಂಗಳ ವೇತನ. ಮೂಲ ವೇತನವನ್ನಷ್ಟೇ ಹಿಡಿದರೂ ಮೊದಲನೆಯವರಿಗೆ ₹9.90 ಲಕ್ಷ, ಎರಡನೆಯವರಿಗೆ ₹15.69 ಲಕ್ಷ. ರಜೆ ನಗದಿಗೆ ಪೂರ್ತಿ 300 ದಿನ ಉಳಿಸಿಕೊಂಡಿದ್ದರೆ ಹತ್ತು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ. ಮೊದಲನೆಯವರಿಗೆ ಶೇ 42.5 ಸೇರಿ ₹8.55 ಲಕ್ಷ, ಎರಡನೆಯವರಿಗೆ ಶೇ 8.5 ಸೇರಿಯೂ ₹10.32 ಲಕ್ಷ ಹತ್ತಿರ. ಒಂದು ತಿಂಗಳ ವ್ಯತ್ಯಾಸಕ್ಕೆ ಏಳೂವರೆ ಲಕ್ಷ! ಇದನ್ನು ಹೊಸ ವೇತನದ ಮೇಲೆಯೇ ಕೊಡಬೇಕೆಂದು ಈ ಅವಧಿಯ ನಿವೃತ್ತರು ಧರಣಿ ನಡೆಸಿದ್ದಾರೆ, ಮನವಿ ಕೊಟ್ಟಿದ್ದಾರೆ.

ಇಷ್ಟು ದೊಡ್ಡ ಮೊತ್ತ ಎಂದು ಕೇಳಿದಾಗ ಒಂದು ವಿಷಯ ಬೇರ್ಪಡಿಸಿ ನೋಡಬೇಕು. ತಿಂಗಳ ಪಿಂಚಣಿಯ ಬಾಕಿ ಆದೇಶದ ಪ್ರಕಾರ ಸಿಗಲೇಬೇಕಾದ ಹಣ, ಅದನ್ನು ಕಚೇರಿಯಲ್ಲಿ ಕೇಳಿ ಪಡೆಯಬಹುದು. ಇಡಿಗಂಟಿನ ವ್ಯತ್ಯಾಸ ಬೇಡಿಕೆ, ಅದಕ್ಕೆ ಬೇರೆ ಆದೇಶ ಬೇಕು. ‘ನಿಮ್ಮ ಏಳು ಲಕ್ಷ ಮಾಡಿಸಿಕೊಡ್ತೀನಿ, ಖರ್ಚಿಗೆ ಇಷ್ಟು ಕೊಡಿ’ ಎಂದು ಯಾರಾದರೂ ಬಂದರೆ ನಂಬಬೇಡಿ. ಆ ಲೆಕ್ಕದ ಮೇಲೆ ಸಾಲ ಮಾಡುವುದೂ, ಉದ್ರಿ ಕೊಡುವುದೂ ಬೇಡ.

ಅರ್ಜಿಯಲ್ಲಿ ಏನು ಬರೆಯಬೇಕು?

‘ನನಗೆ ಪಿಂಚಣಿ ಕಡಿಮೆ ಬರುತ್ತಿದೆ, ಸರಿಪಡಿಸಿ’ ಎಂದು ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಓಡಾಡುತ್ತದೆ. ಎಲ್ಲಿ ತಪ್ಪಿದೆ ಎಂದು ಅಂಕಿಯಲ್ಲಿ ತೋರಿಸಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಮೊದಲು ಬ್ಯಾಂಕಿನಲ್ಲಿ ಎರಡು ತಿಂಗಳ ಪಿಂಚಣಿ ಸ್ಲಿಪ್ ಕೇಳಿ, 2024ರ ಜುಲೈಯದ್ದು ಮತ್ತು ಹೊಸ ಪಿಂಚಣಿ ಶುರುವಾದ ತಿಂಗಳಿನದ್ದು. ಪಾಸ್‌ಬುಕ್ಕಿನಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತದೆ, ಮೂಲ, ತುಟ್ಟಿಭತ್ಯೆ, ಕಡಿತ ಬೇರೆ ಬೇರೆಯಾಗಿ ಕಾಣುವುದು ಸ್ಲಿಪ್‌ನಲ್ಲಿ. ಬಾಕಿ ಬಂದಿದ್ದರೆ ಅದು ಯಾವ ತಿಂಗಳಿಂದ ಯಾವ ತಿಂಗಳಿಗೆ ಎಂಬ ವಿವರವನ್ನೂ ಕೇಳಿ. ಶಾಖೆಯಲ್ಲಿ ‘ನಮ್ಮ ಕೈಯಲ್ಲಿಲ್ಲ’ ಅನ್ನಬಹುದು. ಅದು ಸುಳ್ಳೂ ಅಲ್ಲ, ಬ್ಯಾಂಕುಗಳ ಪಿಂಚಣಿ ಲೆಕ್ಕ ನಡೆಯುವುದು ಅವರ ಕೇಂದ್ರೀಕೃತ ಪಿಂಚಣಿ ಕೇಂದ್ರದಲ್ಲಿ. ಆದರೆ ಅರ್ಜಿ ಪಡೆದು ಅಲ್ಲಿಗೆ ಕಳಿಸುವ ಕೆಲಸ ಶಾಖೆಯದ್ದೇ. ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬನ್ನಿ.

ಅರ್ಜಿಯಲ್ಲಿ ಪಿಪಿಒ ಸಂಖ್ಯೆ, 2024ರ ಜುಲೈಯ ಪೂರ್ತಿ ಮೂಲ ಪಿಂಚಣಿ, ಅದರ 1.585 ಪಟ್ಟು ಎಷ್ಟಾಗಬೇಕು, ನೀವು ಹಾಕಿದ್ದೆಷ್ಟು, ಕಡಿತ ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳ ತನಕ ವ್ಯತ್ಯಾಸ ಬರಬೇಕು, ಇಷ್ಟು ಬರೆದರೆ ಸಾಕು. ಅರ್ಧ ಪುಟ ದಾಟುವುದಿಲ್ಲ.

ಆದಾಯ ತೆರಿಗೆ ಕಟ್ಟುವಷ್ಟು ಪಿಂಚಣಿ ಇದ್ದವರು ಒಂದು ವಿಷಯ ಗಮನಿಸಬೇಕು. ಆಗಸ್ಟ್ 2024ರ ಬಾಕಿ 2025ರ ಮಾರ್ಚ್ 31ರ ಒಳಗೆ ಬಂದಿದ್ದರೆ ಅದೇ ಆರ್ಥಿಕ ವರ್ಷದ್ದು, ತೊಡಕಿಲ್ಲ. ಕಡತ ತಡವಾಗಿ ಹಿಂದಿನ ವರ್ಷದ ಬಾಕಿ ಮುಂದಿನ ವರ್ಷ ಒಟ್ಟಿಗೆ ಬಂದರೆ ಆ ವರ್ಷದ ಆದಾಯ ಉಬ್ಬಿ ತೆರಿಗೆ ಹೆಚ್ಚು ಬೀಳಬಹುದು. ಇದಕ್ಕೆ ಕಾನೂನಿನಲ್ಲಿ ಪರಿಹಾರ ಇದೆ, ಆದರೆ ರಿಟರ್ನ್ ಹಾಕುವ ಮೊದಲೇ ಅದಕ್ಕೆಂದು ಇರುವ ನಮೂನೆಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ರಿಟರ್ನ್ ಹಾಕಿಕೊಡುವವರಿಗೆ ‘ಇದರಲ್ಲಿ ಹಿಂದಿನ ವರ್ಷದ ಪಿಂಚಣಿ ಬಾಕಿ ಇಷ್ಟಿದೆ’ ಎಂದು ಬಾಯಿಬಿಟ್ಟು ಹೇಳಿ, ಬ್ಯಾಂಕಿನ ಬಾಕಿ ವಿವರ ಕೈಗೆ ಕೊಡಿ.

ಇನ್ನೊಂದು ಮಾತು ಸರ್ಕಾರಿ ನೌಕರಿಗೆ 1-4-2006ರಂದು ಅಥವಾ ಆಮೇಲೆ ಸೇರಿದವರಿಗೆ. ಅವರಲ್ಲಿ ಹೆಚ್ಚಿನವರು ಎನ್‌ಪಿಎಸ್ ವ್ಯಾಪ್ತಿಗೆ ಬರುವವರು. ಅಲ್ಲಿ ಕೊನೆಯ ವೇತನದ ಅರ್ಧ ಎಂಬ ಪಿಂಚಣಿಯೇ ಇಲ್ಲದ್ದರಿಂದ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ.

ಉಳಿದವರು ಇವತ್ತೇ ಒಂದು ಲೆಕ್ಕ ಮಾಡಿ ನೋಡಬಹುದು. 2024ರ ಜುಲೈ ಸ್ಲಿಪ್‌ನ ಪೂರ್ತಿ ಮೂಲ ಪಿಂಚಣಿಯನ್ನು 1.585ರಿಂದ ಗುಣಿಸಿ, ಈಗಿನ ಸ್ಲಿಪ್‌ನ ಮೂಲದ ಪಕ್ಕ ಇಡಿ. ಎರಡೂ ಒಂದೇ ಇದ್ದರೆ ಬುನಾದಿ ಸರಿ ಇದೆ, ಉಳಿದಿದ್ದು ತಿಂಗಳು ಎಣಿಸುವ ಕೆಲಸ ಮಾತ್ರ. ಬೇರೆ ಇದ್ದರೆ ಅರ್ಜಿ ಬರೆಯುವ ಹೊತ್ತು ಬಂದಿದೆ.